ಹೊಳೆಯುವ ಬಾಟಲಿಯ ಫೋಟೋದಲ್ಲಿ ಲೋಗೋ ಬದಲಿಸುವಾಗ ಬೆಳಕು ಉಳಿಸಿಕೊಳ್ಳುವುದು

"ನನ್ನ ಹತ್ತಿರ ಹೊಳೆಯುವ ನೀಲಿ ಬಾಟಲಿಯ ಒಂದು ಮಾಕಪ್ ಇದೆ. ಬರೀ JPG, ಲೇಯರ್ ಏನೂ ಇಲ್ಲ. ಫೋಟೋಶಾಪ್‌ನಲ್ಲಿ ಅದರ ಬಿಳಿ ಲೋಗೋ ತೆಗೆದು ನಮ್ಮ ಕೆಂಪು ಲೋಗೋ ಹಾಕಿದೆ. ಎಷ್ಟು ಬಾಗಿಸಿದರೂ ಸ್ಟಿಕ್ಕರ್ ಅಂಟಿಸಿದ ಹಾಗೇ ಕಾಣುತ್ತೆ. ಬೆಳಕು, ಪ್ರತಿಫಲನ ಹಾಗೇ ಇಟ್ಟು ಬದಲಿಸೋದು ಹೇಗೆ?"

ಹಳೆ ಲೋಗೋವನ್ನು ತಕ್ಷಣ ಅಳಿಸಬೇಡಿ. ನಿಮಗೆ ಬೇಕಾದ ಉತ್ತರ ಜಾಸ್ತಿ ಅದರಲ್ಲೇ ಇದೆ. ಆ ಬೆಳಕಿನಲ್ಲಿ, ಆ ಬಾಗಿನ ಮೇಲೆ, ಆ ಲೆನ್ಸ್‌ನಲ್ಲಿ ಒಂದು ಲೋಗೋ ಹೇಗೆ ಕಾಣುತ್ತೆ ಅಂತ ಅದು ಆಗಲೇ ತೋರಿಸುತ್ತಿದೆ. ಮೂಲ ಚಿತ್ರದ ಒಂದು ಕಾಪಿ ಪಕ್ಕಕ್ಕಿಟ್ಟು 300% ಜೂಮ್ ಮಾಡಿ ನೋಡಿ. ಅಕ್ಷರದ ಬಿಳಿಯಿಂದ ಬಾಟಲಿಯ ನೀಲಿಗೆ ಬಣ್ಣ ತಿರುಗಲು ಎಷ್ಟು ಪಿಕ್ಸೆಲ್ ಹಿಡಿಯುತ್ತೆ? ನೆರಳಿನ ಕಡೆ ಬಿಳಿ ಎಷ್ಟು ಬೂದಿ ಬಣ್ಣಕ್ಕೆ ಇಳಿದಿದೆ? ಹೈಲೈಟ್ ಅಕ್ಷರಗಳ ಮೇಲೂ ತಡೆಯಿಲ್ಲದೆ ಹಾದುಹೋಗಿದೆಯಾ? ಇವನ್ನು ಬರೆದಿಟ್ಟುಕೊಳ್ಳಿ.

ಈಗ ಅಳಿಸುವ ಕೆಲಸ. ಇದರಲ್ಲಿ ಕ್ಲೋನ್ ಸ್ಟ್ಯಾಂಪ್ ಹಿಡಿದು ಕೂತರೆ ಹೈಲೈಟ್ ಕಲೆಕಲೆಯಾಗುತ್ತೆ. ಅದಕ್ಕಿಂತ ಬಾಟಲಿಯ ಆಕಾರವನ್ನೇ ಬಳಸಿಕೊಳ್ಳಿ. ನೆಟ್ಟಗೆ ನಿಂತ ಉರುಟು ಬಾಟಲಿಗೆ ಪಕ್ಕದಿಂದ ಉದ್ದನೆಯ ದೀಪ ಬಿದ್ದಾಗ ಬೆಳಕು ಎಡದಿಂದ ಬಲಕ್ಕೆ ತುಂಬಾ ಬದಲಾಗುತ್ತೆ, ಮೇಲಿಂದ ಕೆಳಕ್ಕೆ ಅಷ್ಟೇನೂ ಬದಲಾಗಲ್ಲ. ಹಾಗಾಗಿ ಲೋಗೋದ ಮೇಲಿರುವ ಖಾಲಿ ಜಾಗದಲ್ಲಿ ಬಾಟಲಿಯ ಪೂರ್ತಿ ಅಗಲಕ್ಕೆ ಒಂದು ತೆಳ್ಳನೆಯ ಪಟ್ಟಿ ಸೆಲೆಕ್ಟ್ ಮಾಡಿ. `Ctrl+J` ಒತ್ತಿ ಅದನ್ನು ಹೊಸ ಲೇಯರ್ ಮಾಡಿ, ಅದರ ಕೆಳ ಅಂಚನ್ನು ಲೋಗೋ ಮುಚ್ಚುವಷ್ಟು ಕೆಳಗೆ ಎಳೆದು ಹಿಗ್ಗಿಸಿ. ಹೈಲೈಟ್ ತನ್ನ ಜಾಗದಲ್ಲೇ ನೆಟ್ಟಗೆ ಇಳಿದು ಬರುತ್ತೆ. ಮೇಲೆ ಕೆಳಗೆ ಅಂಚು ಗೊತ್ತಾದರೆ ಲೇಯರ್ ಮಾಸ್ಕ್ ಹಾಕಿ, ಮೆತ್ತನೆಯ ಬ್ರಷ್‌ನಿಂದ ಬೆರೆಸಿ. ಪಟ್ಟಿ ಎಳೆದಾಗ ಫೋಟೋದ ಸಣ್ಣ ಕಾಳುಗಳೂ ಉದ್ದ ಗೆರೆಗಳಾಗುತ್ತವೆ. ಅದಕ್ಕೆ ಪಟ್ಟಿಯನ್ನು ಸ್ವಲ್ಪ ಬ್ಲರ್ ಮಾಡಿ, ಮೇಲೆ ಹೊಸದಾಗಿ ನಾಯ್ಸ್ ಸೇರಿಸಿ. ಬಾಟಲಿ ಕೆಳಗೆ ಹೋದಂತೆ ಅಗಲವಾಗಿದ್ದರೆ ಪಟ್ಟಿಯ ಕೆಳ ಮೂಲೆಗಳನ್ನೂ ಅಷ್ಟೇ ಅಗಲಿಸಬೇಕು. ಹೀಗೆ ಸಿಕ್ಕಿದ ಖಾಲಿ ಬಾಟಲಿಯೇ ಮುಂದಿನ ಎಲ್ಲಕ್ಕೂ ಆಧಾರ.

ಲೋಗೋವನ್ನು `Convert to Smart Object` ಮಾಡಿದ ಮೇಲೇ ಬಾಗಿಸಿ. ಆಮೇಲೆ ಎಷ್ಟು ಸಲ ಬೇಕಾದರೂ ತಿದ್ದಬಹುದು. `Edit > Transform > Warp` ತೆರೆದರೆ ಬಾಗಿಸುವುದು ಸುಲಭ, ಎಷ್ಟು ಬಾಗಿಸಬೇಕು ಅನ್ನೋದೇ ಪ್ರಶ್ನೆ. ಅದನ್ನು ಬಾಟಲಿಯ ಮುಚ್ಚಳದ ಅಂಚು ಮತ್ತು ತಳದ ಅಂಚು ಹೇಳುತ್ತವೆ. ಕ್ಯಾಮೆರಾದ ಎತ್ತರಕ್ಕೆ ಸರಿಯಾಗಿರುವ ಗೆರೆ ನೇರವಾಗಿ ಕಾಣುತ್ತೆ. ಅದಕ್ಕಿಂತ ಕೆಳಗಿನ ಗೆರೆಯ ಮಧ್ಯಭಾಗ ಕೆಳಕ್ಕೆ ಜೋತುಬೀಳುತ್ತೆ, ಕೆಳಗೆ ಹೋದಷ್ಟೂ ಜಾಸ್ತಿ. ನಿಮ್ಮ ಲೋಗೋದ ಬಾಗು ಆ ಎರಡು ಅಂಚುಗಳ ನಡುವೆ ಎಲ್ಲೋ ಬರಬೇಕು.

ಬಾಗಿಸಿದರೆ ಮುಗಿಯಲಿಲ್ಲ. ಸ್ಟಿಕ್ಕರ್ ಹಾಗೆ ಕಾಣಲು ಇನ್ನೊಂದು ಕಾರಣ ಅಡ್ಡಗಲ. ಉರುಟು ಮೈ ಪಕ್ಕಕ್ಕೆ ತಿರುಗಿದಂತೆ ಅಕ್ಷರಗಳು ಕಿರಿದಾಗಬೇಕು. ಬಾಟಲಿ 1000 ಪಿಕ್ಸೆಲ್ ಅಗಲ ಕಾಣುತ್ತಿದೆ ಅಂದುಕೊಳ್ಳಿ. ಅದೇ ಅಳತೆಯಲ್ಲಿ ಚಪ್ಪಟೆ ಲೋಗೋ 500 ಪಿಕ್ಸೆಲ್ ಇದ್ದರೆ ಬಾಟಲಿ ಮೇಲೆ ಸುಮಾರು 480 ಆಗುತ್ತೆ, ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಬೀಳಲ್ಲ. ಲೋಗೋ 1000 ಇದ್ದರೆ ಅದು ಸುಮಾರು 840ಕ್ಕೆ ಇಳಿಯುತ್ತೆ. ಆಗ ಲೋಗೋವನ್ನು 10 ಸಮ ಕಂಬಗಳಾಗಿ ಭಾಗ ಮಾಡಿದರೆ, ತುದಿಯ ಕಂಬ ಮಧ್ಯದ ಕಂಬದ 62% ಅಗಲ ಮಾತ್ರ ಇರುತ್ತೆ. ಸ್ಮಾರ್ಟ್ ಆಬ್ಜೆಕ್ಟ್ ಒಳಗೆ ಹೀಗೇ ಸಮ ಗೆರೆಗಳನ್ನು ಹಾಕಿಕೊಂಡು ವಾರ್ಪ್ ಮಾಡಿ, ಹೊಂದಿದ ಮೇಲೆ ಗೆರೆಗಳನ್ನು ಅಳಿಸಿ.

ಈಗ ಬೆಳಕಿಗೆ ಬರೋಣ. ಲೋಗೋವನ್ನು ಸುಮ್ನೆ `Multiply`ಗೆ ಹಾಕಿ ಅಂತ ಬಹಳ ಜನ ಹೇಳುತ್ತಾರೆ. ಬಿಳಿ ಬಾಟಲಿಗೆ ಅದು ನಡೆಯುತ್ತೆ. ನಿಮ್ಮದು ನೀಲಿ. ಲೋಗೋದ ಕೆಂಪು (220, 40, 40), ಬಾಟಲಿಯ ನೀಲಿ (30, 60, 130) ಅಂತಿಟ್ಟುಕೊಳ್ಳಿ. ಗುಣಿಸಿ 255ರಿಂದ ಭಾಗಿಸಿದರೆ (26, 9, 20) ಬರುತ್ತೆ, ಅಂದರೆ ಹೆಚ್ಚುಕಡಿಮೆ ಕಪ್ಪು. ಲೋಗೋ `Normal` ಆಗಿಯೇ ಇರಲಿ. ಬೆಳಕನ್ನು ಅದರ ಮೇಲೆ ಎರಡು ಪಾಲಾಗಿ ಕೊಡಿ.

ಎರಡು ಯಾಕೆ ಅಂದರೆ, ಬಾಟಲಿ ಮೇಲೆ ನಡೆಯುತ್ತಿರುವುದು ಎರಡು ಬೇರೆ ಕೆಲಸ. ನೆರಳಿನ ಕಡೆ ಬಣ್ಣವೇ ಮಂಕಾಗುತ್ತೆ. ಹೈಲೈಟ್ ಮಾತ್ರ ಮೇಲಿನ ನುಣುಪು ಪದರದಲ್ಲಿ ಕಾಣುವ ದೀಪದ ಪ್ರತಿಬಿಂಬ. ಅಡಿಯಲ್ಲಿ ಕೆಂಪಿರಲಿ ನೀಲಿಯಿರಲಿ, ಅದು ದೀಪದ ಬಣ್ಣದಲ್ಲೇ ಇರುತ್ತೆ. ಅದಕ್ಕೇ ನೆರಳನ್ನು ಗುಣಿಸಬೇಕು, ಹೈಲೈಟನ್ನು ಕೂಡಿಸಬೇಕು.

ಖಾಲಿ ಬಾಟಲಿಯ ಲೇಯರುಗಳನ್ನು ಒಂದಾಗಿ ಮರ್ಜ್ ಮಾಡಿ, ಅದರ ಎರಡು ಕಾಪಿ ತೆಗೆಯಿರಿ. ಎರಡನ್ನೂ `Ctrl+Shift+U` ಒತ್ತಿ ಬಣ್ಣ ತೆಗೆದು, ಲೋಗೋದ ಮೇಲಿಟ್ಟು, ಅದಕ್ಕೆ ಕ್ಲಿಪ್ ಮಾಡಿ. ಕೆಳಗಿನದಕ್ಕೆ `Levels` ತೆರೆದು ಬಿಳಿ ಸ್ಲೈಡರನ್ನು ಎಡಕ್ಕೆ ತನ್ನಿ. ಹೈಲೈಟ್ ಬಿಟ್ಟು ಬಾಟಲಿಯ ಅತಿ ತಿಳಿಯಾದ ಭಾಗ ಬಿಳಿಯಾದಾಗ ನಿಲ್ಲಿಸಿ, `Multiply` ಮಾಡಿ. ಮೇಲಿನ ಕಾಪಿಯಲ್ಲಿ ಕಪ್ಪು ಸ್ಲೈಡರನ್ನು ಬಲಕ್ಕೆ ತಳ್ಳಿ. ಬಾಟಲಿಯ ಮೈ ಪೂರ್ತಿ ಕಪ್ಪಾಗಿ ಹೈಲೈಟ್ ಪಟ್ಟಿಯಷ್ಟೇ ಉಳಿದಾಗ `Screen` ಮಾಡಿ. ಹೈಲೈಟ್ ಲೋಗೋದ ಹೊರಗಿಂದ ಒಳಗೆ ಬಂದು ಮತ್ತೆ ಹೊರಗೆ ಹೋಗುವಾಗ ಎಲ್ಲೂ ಹೆಜ್ಜೆ ತಪ್ಪಬಾರದು. ಒಳಗೆ ಮಂಕಾಗಿ ಕಂಡರೆ ಕಪ್ಪು ಸ್ಲೈಡರ್ ಜಾಸ್ತಿ ತಳ್ಳಿದ್ದೀರಿ. ನೆರಳು ತೀರಾ ಗಾಢವಾದರೆ `Multiply` ಲೇಯರಿನ ಒಪ್ಯಾಸಿಟಿ ಇಳಿಸಿ. ಕಡು ಬಣ್ಣದ ಬಾಟಲಿಯಲ್ಲಿ ಇದು ಬೇಕಾಗುತ್ತೆ. ಲೋಹದ ಫಾಯಿಲ್ ಲೋಗೋಗೆ ಮಾತ್ರ ಈ ದಾರಿ ಹೊಂದಲ್ಲ, ಯಾಕೆಂದರೆ ಚಿನ್ನದ ಬಣ್ಣದ ಫಾಯಿಲ್ ಹೈಲೈಟಿಗೂ ತನ್ನ ಬಣ್ಣ ಕೊಡುತ್ತೆ.

ಈಗ ಬರೆದಿಟ್ಟ ಟಿಪ್ಪಣಿ ತೆಗೆಯಿರಿ. ಹಳೆ ಅಕ್ಷರದ ಅಂಚು 3 ಪಿಕ್ಸೆಲ್‌ನಲ್ಲಿ ತಿರುಗುತ್ತಿದ್ದರೆ ಹೊಸದೂ 3ರಲ್ಲೇ ತಿರುಗಬೇಕು. `Gaussian Blur` 0.5ರಿಂದ ಶುರು ಮಾಡಿ, ಹಳೆ ಕಾಪಿ ಪಕ್ಕದಲ್ಲಿಟ್ಟು ಹೋಲಿಸಿ. ಆಮೇಲೆ ಸ್ವಲ್ಪ ನಾಯ್ಸ್. ನನ್ನ ಪ್ರಕಾರ ಜನ ಅತಿ ಹೆಚ್ಚು ಮರೆಯುವುದು ಇದನ್ನೇ. ಬೆಳಕು ಸರಿಯಾಗಿದ್ದೂ ಲೋಗೋ ತೇಲುತ್ತಿದ್ದರೆ ಮೊದಲು ಅಂಚನ್ನೇ ಅನುಮಾನಿಸಿ.

ಬಾಟಲಿ ಹೊಳೆಯುವ ಮೇಜಿನ ಮೇಲೆ ನಿಂತಿದ್ದರೆ ಇನ್ನೊಂದು ಕೆಲಸ ಇದೆ. ಕೆಳಗಿನ ಪ್ರತಿಬಿಂಬದಲ್ಲೂ ಹಳೆ ಲೋಗೋ ಉಳಿದಿರುತ್ತೆ, ಅದನ್ನೂ ಇದೇ ರೀತಿ ಬದಲಿಸಬೇಕು. ಆದರೆ ಬಾಗಿಸಿದ ಲೋಗೋವನ್ನೇ ತಲೆಕೆಳಗು ಮಾಡಿ ಇಡಬೇಡಿ. ಹಾಗೆ ಮಾಡಿದರೆ ಬಾಗೂ ತಿರುಗಿ ಮಧ್ಯಭಾಗ ಮೇಲೆ ಉಬ್ಬುತ್ತೆ. ಪ್ರತಿಬಿಂಬ ಇರುವುದು ಕ್ಯಾಮೆರಾಗಿಂತ ಇನ್ನೂ ಕೆಳಗೆ, ಅಲ್ವಾ? ಅದರ ಗೆರೆಗಳೂ ಕೆಳಕ್ಕೇ ಜೋತುಬೀಳಬೇಕು, ಬಾಟಲಿ ಮೇಲಿನದಕ್ಕಿಂತ ಸ್ವಲ್ಪ ಜಾಸ್ತಿಯೇ. `New Smart Object via Copy` ಮಾಡಿ, ಆ ಕಾಪಿಯ ಒಳಗೆ ಚಪ್ಪಟೆ ಲೋಗೋವನ್ನು ತಲೆಕೆಳಗು ಮಾಡಿ ಸೇವ್ ಮಾಡಿ, ಹೊರಗೆ ಬಂದು ಹೊಸದಾಗಿ ಬಾಗಿಸಿ. ಬರೀ `Ctrl+J` ಒತ್ತಿದರೆ ಎರಡೂ ಕಾಪಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಮೇಲಿನ ಲೋಗೋ ಕೂಡ ತಲೆಕೆಳಗಾಗಿಬಿಡುತ್ತೆ.