ಮೊದಲು ಗ್ರೌಂಡ್ ತಂತಿ ನೋಡ್ರಿ

"ಬೀದರ್‌ನಿಂದ ಕೇಳ್ತಿದ್ದೀನಿ. 3.3 ವೋಲ್ಟ್ ಕ್ಲಾಕ್ ಏರುವಾಗ ಸ್ಕೋಪಿನಾಗ 4.6 ವೋಲ್ಟಿಗೆ ಹಾರಿ ನಡುಗ್ತದ. ಪ್ರೋಬಿನ ಸ್ಕ್ರೂ ಎಷ್ಟು ತಿರುವಿದ್ರೂ ಹೋಗವಲ್ದು. ಬೋರ್ಡ್ ಕೆಟ್ಟದ ಏನು?"

ಬೋರ್ಡಿಗೆ ಈಗಲೇ ಕೈ ಹಚ್ಚಬ್ಯಾಡ್ರಿ. ಮೊಸಳೆ ಕ್ಲಿಪ್ಪಿನ ಕರಿ ತಂತಿ ಸುಮಾರು 15 ಸೆಂಟಿಮೀಟರ್ ಇರ್ತದ. ಸೆಂಟಿಮೀಟರಿಗೆ 10 ನ್ಯಾನೊಹೆನ್ರಿ ಹಿಡಿದ್ರೆ 150 ಆಯ್ತು. ಪ್ರೋಬಿನ ತುದಿಯ ಕೆಪಾಸಿಟನ್ಸ್ ಸುಮಾರು 12 ಪಿಕೊಫ್ಯಾರಡ್. ಇವೆರಡೂ ಸೇರಿ 120 ಮೆಗಾಹರ್ಟ್ಸ್ ಆಸುಪಾಸಿನಾಗ ಗಂಟೆಯಂಗ ಮೊಳಗ್ತಾವ. 2 ನ್ಯಾನೊಸೆಕೆಂಡಿನಾಗ ಏರುವ ಅಂಚು ಆ ಗಂಟೆ ಹೊಡಿತದ. ನಿಮ್ಮ ಪರದೆ ಮ್ಯಾಲಿನ ಅಲೆಗಳ ನಡುವೆ ಸುಮಾರು 8 ನ್ಯಾನೊಸೆಕೆಂಡ್ ಇದ್ರೆ ಇದೇ ಅಂತ ತಿಳಿರಿ.

ಸ್ಕ್ರೂ ತಿರುವಿದ್ರೆ ಇದು ಯಾಕ ಹೋಗೂದಿಲ್ಲ? ಅದು 10 ಪಟ್ಟಿನ ಪ್ರೋಬನ್ನು ಆ ಚಾನೆಲ್ಲಿಗೆ ಹೊಂದಿಸೋದಕ್ಕ ಇರೋದು. ಸ್ಕೋಪಿನ 1 ಕಿಲೋಹರ್ಟ್ಸ್ ಚೌಕ ಅಲೆ ಹಚ್ಚಿ, ತಲೆ ಸಪಾಟಾಗುವ ತನಕ ತಿರುವಿ ಬಿಟ್ಟುಬಿಡ್ರಿ. ನಡುಗೋದು ನಿಲ್ಲಲಿ ಅಂತ ತಿರುವಿದ್ರೆ ಅಂಚಿನ ಎತ್ತರವೇ ಸುಳ್ಳಾಗ್ತದ.

ಈಗ ಕರಿ ತಂತಿ ಬಿಚ್ಚಿ, ತುದಿಯ ಪ್ಲಾಸ್ಟಿಕ್ ಟೊಪ್ಪಿಗಿನೂ ತೆಗಿರಿ. ಒಳಗ ಲೋಹದ ಬಳೆ ಕಾಣ್ತದ. ಅದಕ್ಕ ಗ್ರೌಂಡ್ ಸ್ಪ್ರಿಂಗ್ ಹಾಕ್ರಿ. ಇಲ್ಲಂದ್ರ ಬರಿ ತಾಮ್ರದ ತಂತಿ ಸುತ್ತಿ, 1 ಸೆಂಟಿಮೀಟರ್ ಬಾಲ ಬಿಟ್ಟು, ಐಸಿ ಪಕ್ಕದ ಗ್ರೌಂಡಿಗೇ ಮುಟ್ಟಿಸ್ರಿ. ಪಕ್ಕದ 3.3 ವೋಲ್ಟ್ ಪ್ಯಾಡಿಗೆ ತಾಗದಂಗ ಹುಷಾರು. ಕಲಬುರಗಿಯ ನನ್ನ ಮೇಜಿನ ಮ್ಯಾಲ ಹಿಂಗ ಮಾಡಿದಾಗ 4.5 ವೋಲ್ಟಿನ ಏರು 3.5ಕ್ಕ ಇಳಿದಿತ್ತು.

ಆಮ್ಯಾಲೂ ಏರು ಹಂಗೇ ಉಳಿದ್ರೆ ಅದು ಬೋರ್ಡಿನದೇ. ಆಗ ಕ್ಲಾಕ್ ಹೊರಡುವ ಪಿನ್ನಿನ ಹತ್ತಿರ 33 ಓಮ್ ಸರಣಿಯೊಳಗ ಹಾಕಿ ನೋಡ್ರಿ.