ಎರಡು ಸ್ಪೀಕರ್ ಇದ್ದರೂ ಹಿಂದಿನ ಬೆಂಚಿಗೆ ಕೇಳಿಸದಿದ್ದರೆ

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ. 12 ಮೀಟರ್ ಉದ್ದದ ಕೊಠಡಿಯಲ್ಲಿ ಮೊಬೈಲಿನಿಂದ ಪಾಠದ ವಿಡಿಯೊ ಕೇಳಿಸಲು ಒಂದೇ ಮಾದರಿಯ ಎರಡು ಬ್ಲೂಟೂತ್ ಸ್ಪೀಕರ್‌ಗಳನ್ನು ಜೋಡಿಸಿ, ಕಪ್ಪು ಹಲಗೆಯ ಎರಡೂ ಬದಿಗೆ ಇಟ್ಟಿದ್ದೇನೆ. ಆದರೂ ಹಿಂದಿನ ಬೆಂಚಿನವರಿಗೆ ಸ್ಪಷ್ಟವಾಗಿ ಕೇಳುವುದಿಲ್ಲ. ಕೆಲವು ವಿಡಿಯೊಗಳಲ್ಲಿ ಒಂದು ಬದಿಯ ಮಕ್ಕಳಿಗೆ ಮಾತೇ ಕ್ಷೀಣವಾಗುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಸ್ಟೀರಿಯೊ ಜೋಡಣೆಯನ್ನು ಕೈಬಿಡಿ. ಅದರಲ್ಲಿ ಒಂದು ಸ್ಪೀಕರ್ ಎಡ ಧ್ವನಿಯನ್ನೂ ಇನ್ನೊಂದು ಬಲ ಧ್ವನಿಯನ್ನೂ ಮಾತ್ರ ನುಡಿಸುವುದರಿಂದ, ಮಾತು ಒಂದೇ ಕಡೆ ಧ್ವನಿಮುದ್ರಣವಾಗಿರುವ ವಿಡಿಯೊದಲ್ಲಿ ಅರ್ಧ ತರಗತಿಗೆ ಅದು ಸರಿಯಾಗಿ ತಲುಪುವುದಿಲ್ಲ. ನಡುವೆ ಕುಳಿತು ಹಾಡು ಕೇಳುವವರಿಗೆ ಸ್ಟೀರಿಯೊ ಸೊಗಸು. ಪಾಠಕ್ಕೆ ಎರಡರಿಂದಲೂ ಒಂದೇ ಧ್ವನಿ ಬರಬೇಕು. ಸ್ಪೀಕರ್ ಕಂಪನಿಯ ಆ್ಯಪ್‌ನಲ್ಲಿ ‘ಪಾರ್ಟಿ’ ಆಯ್ಕೆ ಇದ್ದರೆ ಅದನ್ನು ಬಳಸಿ. ಇಲ್ಲವಾದರೆ ಮೊಬೈಲಿನ Accessibility ಸೆಟ್ಟಿಂಗ್‌ನಲ್ಲಿ Mono audio ಆನ್ ಮಾಡಿದರೂ ಅದೇ ಫಲ ಸಿಗುತ್ತದೆ.

ಇನ್ನು ಜಾಗದ ವಿಷಯ. ಎರಡೂ ಸ್ಪೀಕರ್‌ಗಳು ಮುಂದೆಯೇ ಇದ್ದರೆ ಹಿಂದಿನ ಬೆಂಚಿಗೆ ಸಿಗುವ ಹೆಚ್ಚಳ ಸಾಮಾನ್ಯವಾಗಿ 3 ಡೆಸಿಬೆಲ್‌ನಷ್ಟು, ಅಂದರೆ ಗಮನವಿಟ್ಟರಷ್ಟೇ ತಿಳಿಯುವಷ್ಟು. ಬಯಲಿನಲ್ಲಾದರೆ ದೂರ ಅರ್ಧವಾದಾಗ ಶಬ್ದ 6 ಡೆಸಿಬೆಲ್ ಏರುತ್ತದೆ. ಗೋಡೆಗಳ ನಡುವೆ ಅಷ್ಟು ಏರದಿದ್ದರೂ, ಗೋಡೆಗೆ ಬಡಿದು ಬರುವ ಗದ್ದಲಕ್ಕಿಂತ ನೇರವಾಗಿ ಬರುವ ಮಾತು ಮುಂದಾಗುವುದರಿಂದ ಅಕ್ಷರಗಳು ಸ್ಪಷ್ಟವಾಗುತ್ತವೆ. ಆದ್ದರಿಂದ ಒಂದನ್ನು ಮುಂದೆಯೇ ಬಿಟ್ಟು, ಇನ್ನೊಂದನ್ನು ಪಕ್ಕದ ಗೋಡೆಯ ಮಧ್ಯಭಾಗದಲ್ಲಿ, ಹಿಂದಕ್ಕೆ ಮುಖಮಾಡಿ ಇಡಿ.

ಹೀಗಿಟ್ಟಾಗ ಕೊನೆಯ ಬೆಂಚಿಗೆ ಒಂದು ಸ್ಪೀಕರ್ ಸುಮಾರು 6 ಮೀಟರ್, ಇನ್ನೊಂದು 12 ಮೀಟರ್ ದೂರವಾಗುತ್ತದೆ. ಶಬ್ದಕ್ಕೆ ಪ್ರತಿ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ಬೇಕಾದ್ದರಿಂದ ಮುಂದಿನ ಸ್ಪೀಕರಿನ ಧ್ವನಿ 18 ಮಿಲಿಸೆಕೆಂಡಿನಷ್ಟು ತಡವಾಗಿ ಬಂದರೂ ಕಿವಿ ಎರಡನ್ನೂ ಒಂದೇ ಎಂದು ಗ್ರಹಿಸುತ್ತದೆ. ಆದರೆ ಉದ್ದನೆಯ ಸಭಾಂಗಣದಲ್ಲಿ ಈ ದೂರದ ವ್ಯತ್ಯಾಸ 15 ಮೀಟರ್ ದಾಟಿದರೆ ಮಾತು ಎರಡೆರಡು ಸಲ ಕೇಳತೊಡಗುತ್ತದೆ. ಅಲ್ಲಿ ಈ ಉಪಾಯ ನಡೆಯದು.

ಸ್ಪೀಕರ್‌ಗಳನ್ನು ಮಕ್ಕಳ ತಲೆಗಿಂತ ಎತ್ತರದಲ್ಲಿಡಿ. ಬ್ಲೂಟೂತ್ ಅಲೆಗಳನ್ನು ಮನುಷ್ಯರ ಮೈ ಹೀರಿಕೊಳ್ಳುವುದರಿಂದ, ಖಾಲಿ ಕೊಠಡಿಯಲ್ಲಿ ಚೆನ್ನಾಗಿ ನುಡಿದ ಜೋಡಿ ಮಕ್ಕಳು ತುಂಬಿದಾಗ ತಡವರಿಸಬಹುದು. ಪರೀಕ್ಷೆಯನ್ನು ತರಗತಿ ನಡೆಯುವಾಗಲೇ ಮಾಡಿ. ಒಂದೇ ಸ್ಪೀಕರ್ ನುಡಿಯುತ್ತಿದ್ದರೆ, ಎರಡನೆಯದು ಮೊಬೈಲಿಗೆ ಪ್ರತ್ಯೇಕವಾಗಿ ಜೋಡಿಯಾಗಿರುವ ಸಾಧ್ಯತೆಯೇ ಹೆಚ್ಚು. ಮೊಬೈಲಿನ ಬ್ಲೂಟೂತ್ ಪಟ್ಟಿಯಿಂದ ಎರಡನ್ನೂ ಅಳಿಸಿ, ಮೊದಲು ಸ್ಪೀಕರ್‌ಗಳನ್ನು ಪರಸ್ಪರ ಜೋಡಿಸಿ, ಅನಂತರ ಅವುಗಳಲ್ಲಿ ಮುಖ್ಯವಾದ ಒಂದಕ್ಕೆ ಮಾತ್ರ ಮೊಬೈಲನ್ನು ಸೇರಿಸಿ.

ಇದೇ ಜೋಡಿಯನ್ನು ಮೊಬೈಲ್ ಮೈಕಿನಲ್ಲಿ ನೇರವಾಗಿ ಮಾತನಾಡಲು ಬಳಸಬೇಡಿ. ಬ್ಲೂಟೂತ್‌ನಲ್ಲಿ ಧ್ವನಿ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಗುವುದರಿಂದ, ನಿಮ್ಮದೇ ಮಾತು ಹಿಂದಿನಿಂದ ಬಂದು ನಿಮ್ಮನ್ನೇ ತೊದಲಿಸುತ್ತದೆ. ಅದಕ್ಕೆ ತಂತಿಯ ಮೈಕ್ ನೇರವಾಗಿ ಸೇರುವ ಸ್ಪೀಕರ್ ಬೇಕು.