ನೀರಿಗೂ ಸೀಮೆಎಣ್ಣೆಗೂ ನಡುವೆ ತೇಲುವ ತುಂಡು: ಯಾವುದರಲ್ಲಿ ಎಷ್ಟು ಭಾಗ?

ಪ್ರಶ್ನೆ: 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ಪಾಲಿಥೀನ್ ತುಂಡೊಂದು (ಸಾಂದ್ರತೆ 0.92) ನೀರು ಮತ್ತು ಅದರ ಮೇಲೆ ನಿಂತ ಸೀಮೆಎಣ್ಣೆಯ (ಸಾಂದ್ರತೆ 0.80) ನಡುವೆ ತೇಲುತ್ತಿದ್ದರೆ ಯಾವುದರಲ್ಲಿ ಎಷ್ಟು ಭಾಗ ಇರುತ್ತದೆ? ಎಣ್ಣೆ ತುಂಡಿನ ಮೇಲಿದೆ, ಹಾಗಿದ್ದರೆ ಅದು ತುಂಡನ್ನು ಕೆಳಕ್ಕೆ ಒತ್ತಬೇಕಲ್ಲವೇ? ಪುಸ್ತಕದಲ್ಲಿ ಅದರ ಬಲವನ್ನೂ ಮೇಲ್ಮುಖವಾಗಿ ಕೂಡಿಸಿದ್ದಾರೆ.

ಉತ್ತರ: ಸೀಮೆಎಣ್ಣೆ ತುಂಡನ್ನು ಪೂರ್ತಿಯಾಗಿ ಮುಚ್ಚುವಷ್ಟು ಇದೆ ಎಂದಾದರೆ ಕೆಳಗಿನ 3 ಸೆಂ.ಮೀ. ನೀರಿನಲ್ಲಿಯೂ ಮೇಲಿನ 2 ಸೆಂ.ಮೀ. ಸೀಮೆಎಣ್ಣೆಯಲ್ಲಿಯೂ ಇರುತ್ತದೆ. ಲೆಕ್ಕ ಚಿಕ್ಕದು. ತುಂಡಿನ ಗಾತ್ರದಲ್ಲಿ f ಭಾಗ ನೀರಿನಲ್ಲಿದ್ದರೆ ಉಳಿದ 1 − f ಭಾಗ ಸೀಮೆಎಣ್ಣೆಯಲ್ಲಿರುತ್ತದೆ. ತುಂಡಿನ ತೂಕವು ಅದು ಪಕ್ಕಕ್ಕೆ ಸರಿಸಿದ ನೀರಿನ ಮತ್ತು ಸೀಮೆಎಣ್ಣೆಯ ಒಟ್ಟು ತೂಕಕ್ಕೆ ಸಮನಾಗಬೇಕು. ತುಂಡಿನ ಸಾಂದ್ರತೆ ρ, ಮೇಲಿನ ದ್ರವದ್ದು ρ₁, ಕೆಳಗಿನದ್ದು ρ₂ ಎಂದು ಬರೆದುಕೊಂಡರೆ:

ρ = f·ρ₂ + (1 − f)·ρ₁

f = (ρ − ρ₁) / (ρ₂ − ρ₁) = (0.92 − 0.80) / (1.00 − 0.80) = 0.60

5 ಸೆಂ.ಮೀ. ಎತ್ತರದಲ್ಲಿ 0.60 ಭಾಗವೆಂದರೆ 3 ಸೆಂ.ಮೀ. ಈ ಸೂತ್ರದಲ್ಲಿ f ಋಣ ಸಂಖ್ಯೆಯಾಗಿ ಬಂದರೆ ತುಂಡು ಸೀಮೆಎಣ್ಣೆಗಿಂತಲೂ ಹಗುರವಾಗಿದ್ದು ಅದರ ಮೇಲ್ಮೈಗೇ ಏರಿಬಿಡುತ್ತದೆ. 1ಕ್ಕಿಂತ ಹೆಚ್ಚು ಬಂದರೆ ನೀರಿನ ತಳ ಸೇರುತ್ತದೆ.

ನಿಮ್ಮ ನಿಜವಾದ ಪ್ರಶ್ನೆ ಎರಡನೆಯದು, ಮತ್ತು ಅದು ನ್ಯಾಯವಾದ ಪ್ರಶ್ನೆ. ಸೀಮೆಎಣ್ಣೆ ತುಂಡಿನ ಮೇಲ್ಮುಖವನ್ನು ಕೆಳಕ್ಕೆ ಒತ್ತುತ್ತದೆ ಎನ್ನುವುದು ಸುಳ್ಳಲ್ಲ, ಖಂಡಿತ ಒತ್ತುತ್ತದೆ. ಆದರೆ ಅದೇ ಸೀಮೆಎಣ್ಣೆ ತುಂಡಿನ ಸುತ್ತಲಿನ ನೀರನ್ನೂ ಒತ್ತುತ್ತದೆ, ಮತ್ತು ನೀರು ಆ ಒತ್ತಡವನ್ನು ತುಂಡಿನ ತಳಕ್ಕೆ ದಾಟಿಸಿ ಮೇಲಕ್ಕೆ ತಳ್ಳುತ್ತದೆ. ಸುತ್ತಲಿನ ಸೀಮೆಎಣ್ಣೆಯ ಕಂಬವು ತುಂಡಿನ ತಲೆಯ ಮೇಲಿರುವ ಕಂಬಕ್ಕಿಂತ ಉದ್ದವಾಗಿದೆ, ಏಕೆಂದರೆ ಅದು ಎರಡು ದ್ರವಗಳು ಸೇರುವ ಗೆರೆಯವರೆಗೂ ಇಳಿದಿದೆ. ಆದ್ದರಿಂದ ಕೆಳಗಿನಿಂದ ಬರುವ ತಳ್ಳುವಿಕೆಯೇ ಗೆಲ್ಲುತ್ತದೆ.

ಇದನ್ನು ಆರ್ಕಿಮಿಡೀಸ್ ತತ್ವದ ಹೆಸರೆತ್ತದೆ, ಬರೀ ಒತ್ತಡದಿಂದಲೇ ಪರೀಕ್ಷಿಸಬಹುದು. ತುಂಡಿನ ಮೇಲ್ಮುಖವು ಸೀಮೆಎಣ್ಣೆಯ ಮೇಲ್ಮೈಯಿಂದ 3 ಸೆಂ.ಮೀ. ಕೆಳಗಿದೆ ಎಂದಿಟ್ಟುಕೊಳ್ಳಿ. ಅಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ 3 × 0.80 = 2.4 ಗ್ರಾಂ ತೂಕ ಬೀಳುತ್ತದೆ; ವಾಯುಮಂಡಲದ ಒತ್ತಡ ಮೇಲೂ ಕೆಳಗೂ ಒಂದೇ ಆದ್ದರಿಂದ ಅದನ್ನು ಬಿಟ್ಟಿದ್ದೇನೆ. ತಳದ ಮಟ್ಟದಲ್ಲಾದರೋ 5 ಸೆಂ.ಮೀ. ಸೀಮೆಎಣ್ಣೆ ಮತ್ತು 3 ಸೆಂ.ಮೀ. ನೀರು ಸೇರಿ 4.0 + 3.0 = 7.0 ಗ್ರಾಂ ಆಗುತ್ತದೆ. ವ್ಯತ್ಯಾಸ 4.6 ಗ್ರಾಂ. ತಳದ ವಿಸ್ತೀರ್ಣ 100 ಚದರ ಸೆಂ.ಮೀ. ಇರುವುದರಿಂದ ಒಟ್ಟು ಮೇಲ್ಮುಖ ಬಲ 460 ಗ್ರಾಂ ತೂಕದಷ್ಟು. ತುಂಡಿನ ಗಾತ್ರ 500 ಘನ ಸೆಂ.ಮೀ., ಅದನ್ನು 0.92ರಿಂದ ಗುಣಿಸಿದರೆ ಅದರ ದ್ರವ್ಯರಾಶಿಯೂ 460 ಗ್ರಾಂ. ಈಗ ಮೇಲೆ ಇನ್ನೂ 10 ಸೆಂ.ಮೀ. ಸೀಮೆಎಣ್ಣೆ ಸುರಿದರೂ 2.4 ಎಂಬುದು 10.4 ಆಗುತ್ತದೆ, 7.0 ಎಂಬುದು 15.0 ಆಗುತ್ತದೆ, ವ್ಯತ್ಯಾಸ ಮಾತ್ರ ಅದೇ 4.6 ಆಗಿ ಉಳಿಯುತ್ತದೆ. ತುಂಡು ಒಮ್ಮೆ ಮುಚ್ಚಿಹೋದ ಮೇಲೆ ಎಷ್ಟು ಎಣ್ಣೆ ಸುರಿದರೂ ಅದು ನೀರಿನ ಗೆರೆಯಿಂದ ಅಲುಗದಿರುವುದಕ್ಕೆ ಕಾರಣ ಇದೇ.

ಮುಚ್ಚಿಹೋಗುವ ಮೊದಲು ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯಕರವಾಗಿದೆ. ಬರೀ ನೀರಿನಲ್ಲಿ ಈ ತುಂಡು 4.6 ಸೆಂ.ಮೀ. ಮುಳುಗಿ, 4 ಮಿ.ಮೀ.ಯಷ್ಟು ಮಾತ್ರ ತಲೆ ಹೊರಗಿಟ್ಟು ತೇಲುತ್ತದೆ. ಅದರ ಸುತ್ತ t ಸೆಂ.ಮೀ. ದಪ್ಪದ ಸೀಮೆಎಣ್ಣೆಯ ಪದರ ನಿಂತಿತೆಂದರೆ ನೀರಿನಲ್ಲಿರುವ ಆಳ 4.6 − 0.8t ಆಗುತ್ತದೆ, ಗಾಳಿಯಲ್ಲಿರುವ ಭಾಗ 0.4 − 0.2t ಆಗುತ್ತದೆ. ಪದರ 1 ಸೆಂ.ಮೀ. ಇದ್ದಾಗ ನೀರಿನಲ್ಲಿ 3.8 ಸೆಂ.ಮೀ., ಗಾಳಿಯಲ್ಲಿ 2 ಮಿ.ಮೀ.; ಪದರ 2 ಸೆಂ.ಮೀ. ತಲುಪಿದಾಗ ನೀರಿನಲ್ಲಿ 3 ಸೆಂ.ಮೀ., ಗಾಳಿಯಲ್ಲಿ ಏನೂ ಇಲ್ಲ. ಮೇಲಿನಿಂದ ನೋಡುವವರ ಕಣ್ಣಿಗೆ ಎಣ್ಣೆ ಸುರಿದಂತೆಲ್ಲ ತುಂಡು ಮುಳುಗುತ್ತಿರುವಂತೆ ಕಾಣುತ್ತದೆ, ಆದರೆ ಗಾಜಿನ ಪಕ್ಕದಿಂದ ನೋಡಿದವರಿಗೆ ಅದು ನೀರಿನಿಂದ ಮೇಲೇಳುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಎಣ್ಣೆ ಕೆಳಕ್ಕೆ ಒತ್ತುತ್ತದೆ ಎಂಬ ಅನುಮಾನ ಬಹುಶಃ ಈ ಮೇಲಿನಿಂದ ನೋಡುವ ನೋಟದಿಂದಲೇ ಹುಟ್ಟುತ್ತದೆ. ಪರೀಕ್ಷೆಯಲ್ಲಿ ಎಣ್ಣೆಯ ಪದರದ ದಪ್ಪವನ್ನು ಕೊಟ್ಟಿದ್ದರೆ ಮೊದಲು ಅದು ತುಂಡನ್ನು ಮುಚ್ಚುತ್ತದೆಯೇ ಎಂದು ನೋಡಿಕೊಳ್ಳಿ. ಇಲ್ಲಿ 2 ಸೆಂ.ಮೀ.ಗಿಂತ ಕಡಿಮೆ ಇದ್ದರೆ f ಸೂತ್ರವನ್ನು ಹಾಗೇ ಬಳಸುವಂತಿಲ್ಲ.

ಇದನ್ನು ನಿಜವಾಗಿ ಮಾಡಿ ನೋಡುವುದಾದರೆ ಎರಡು ಸಂಗತಿಗಳು ಗಮನದಲ್ಲಿರಲಿ (ಸೀಮೆಎಣ್ಣೆಯ ಬಳಿ ಒಲೆ, ದೀಪ ಇರಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ). ಮೊದಲನೆಯದು, ಸೂತ್ರದ ಛೇದದಲ್ಲಿ ಬರೀ 0.20 ಇರುವುದರಿಂದ ಸಾಂದ್ರತೆಯಲ್ಲಿನ ಸಣ್ಣ ತಪ್ಪು ಉತ್ತರದಲ್ಲಿ ಐದು ಪಟ್ಟಾಗಿ ಬರುತ್ತದೆ. ಪಾಲಿಥೀನ್ ಸಾಂದ್ರತೆ 0.92ರ ಬದಲು 0.93 ಇದ್ದರೆ f ಎಂಬುದು 0.65ಕ್ಕೆ ಏರುತ್ತದೆ, ಅಂದರೆ ಗೆರೆ 2.5 ಮಿ.ಮೀ. ಸರಿಯುತ್ತದೆ. ಸೀಮೆಎಣ್ಣೆಯೂ ಒಂದೇ ಸಾಂದ್ರತೆಯ ದ್ರವವಲ್ಲ, ಅದು 0.78 ಇದ್ದರೆ f ಸುಮಾರು 0.64. ಹಾಗಾಗಿ ಅಳತೆ ಲೆಕ್ಕಕ್ಕೆ ಕೂಡದಿದ್ದರೆ ತತ್ವವನ್ನು ಅನುಮಾನಿಸುವ ಮೊದಲು, ಗೊತ್ತಿರುವ ಗಾತ್ರದ ಸೀಮೆಎಣ್ಣೆಯನ್ನು ತೂಗಿ ಅದರ ಸಾಂದ್ರತೆಯನ್ನು ಕಂಡುಕೊಳ್ಳಿ. ಮರದ ತುಂಡನ್ನು ಬಳಸಿದರೆ ಅದು ದ್ರವವನ್ನು ಹೀರಿಕೊಂಡು ತೂಕ ಹೆಚ್ಚಿಸಿಕೊಳ್ಳುವುದರಿಂದ ಗೆರೆ ನಿಂತಲ್ಲಿ ನಿಲ್ಲುವುದೇ ಇಲ್ಲ.

ಎರಡನೆಯದನ್ನು ಪಠ್ಯಪುಸ್ತಕದ ಲೆಕ್ಕಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಿಮ್ಮ ತುಂಡು ಚಪ್ಪಟೆಯಾಗಿರುವುದು ಒಳ್ಳೆಯದಾಯಿತು. ಅದೇ ಪಾಲಿಥೀನಿನ ಸಮಘನವನ್ನು ಬಿಟ್ಟರೆ ಅದು ಮುಖ ಮೇಲೆ ಮಾಡಿಕೊಂಡು ನೆಟ್ಟಗೆ ನಿಲ್ಲದೆ ವಾಲಿಕೊಳ್ಳುತ್ತದೆ. ಸಮಘನವೊಂದು ನೆಟ್ಟಗೆ ಸ್ಥಿರವಾಗಿ ತೇಲಬೇಕಾದರೆ f ಎಂಬುದು ಸುಮಾರು 0.21ಕ್ಕಿಂತ ಕಡಿಮೆ ಇಲ್ಲವೇ 0.79ಕ್ಕಿಂತ ಹೆಚ್ಚು ಇರಬೇಕು, ಇಲ್ಲಿರುವುದು 0.60. ಚೌಕ ತಳದ ತುಂಡಿಗೆ f = 0.60 ಇದ್ದಾಗ ತಳದ ಬದಿಯು ಎತ್ತರದ 1.2 ಪಟ್ಟಿಗಿಂತ ಹೆಚ್ಚಿರಬೇಕು. ನಿಮ್ಮದರಲ್ಲಿ ಅದು 2 ಪಟ್ಟು ಇದೆ. ವಾಲಿದ ಸಮಘನದಲ್ಲೂ ನೀರಿನೊಳಗಿನ ಗಾತ್ರ ಶೇ. 60ರಷ್ಟೇ ಇರುತ್ತದೆ, ಆದರೆ ಗೆರೆ ಓರೆಯಾಗುವುದರಿಂದ ಸ್ಕೇಲ್ ಹಿಡಿದು ಒಂದು ಬದಿಯ ಆಳವನ್ನು ಅಳೆದರೆ ಎತ್ತರದ 0.60 ಭಾಗ ಸಿಗುವುದಿಲ್ಲ.